ಹಳೆಯ ಫ್ರಿಜ್‌ನ ಲೆಕ್ಕ: ಮೊದಲು ಅಳೆದು ನೋಡಿ

“ನಮ್ಮ ಫ್ರಿಜ್‌ಗೆ 15 ವರ್ಷವಾಯಿತು, ಹಿಂಬದಿಯಲ್ಲಿ 150 ವ್ಯಾಟ್ ಎಂದಿದೆ. 22,000 ರೂಪಾಯಿ ಕೊಟ್ಟು ಸ್ಟಾರ್ ಇರುವ ಹೊಸದನ್ನು ತಂದರೆ ಹಣ ಯಾವಾಗ ವಾಪಸಾಗುತ್ತದೆ?”

ದಯವಿಟ್ಟು 150 ವ್ಯಾಟನ್ನು 24 ಗಂಟೆಯಿಂದ ಗುಣಿಸಬೇಡಿ. ಕಂಪ್ರೆಸರ್ ಆಗಾಗ ನಿಂತು ಮತ್ತೆ ಓಡುವುದರಿಂದ ಹಾಗೆ ಬರುವ 3.6 ಯೂನಿಟ್ ನಿಜವಾದ ಬಳಕೆಗಿಂತ ಬಹಳ ಹೆಚ್ಚಿರುತ್ತದೆ. ಪ್ಲಗ್ ಮತ್ತು ಸಾಕೆಟ್ ನಡುವೆ ಸಿಕ್ಕಿಸುವ ಎನರ್ಜಿ ಮೀಟರ್ ಇಟ್ಟು, ಎಂದಿನಂತೆ ಬಾಗಿಲು ತೆರೆದು ಮುಚ್ಚುತ್ತಾ ಏಳು ದಿನ ಅಳೆಯಿರಿ.

ಏಳು ದಿನಕ್ಕೆ 12.6 ಯೂನಿಟ್ ಬಂತೆಂದುಕೊಳ್ಳಿ. ಅಂದರೆ ದಿನಕ್ಕೆ 1.8, ವರ್ಷಕ್ಕೆ 657 ಯೂನಿಟ್. ಹೊಸದರ ಲೇಬಲ್‌ನಲ್ಲಿ ಸ್ಟಾರ್‌ಗಳನ್ನಲ್ಲ, ವಾರ್ಷಿಕ ಯೂನಿಟ್ ಅಂಕಿಯನ್ನೇ ನೋಡಿ, ಏಕೆಂದರೆ ಸ್ಟಾರ್‌ನ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಅದು 200 ಇದ್ದರೆ ಉಳಿತಾಯ 457 ಯೂನಿಟ್. ಯೂನಿಟ್‌ಗೆ 7 ರೂಪಾಯಿಯಂತೆ ವರ್ಷಕ್ಕೆ 3,199 ರೂಪಾಯಿ ಉಳಿದು, ಹೂಡಿದ ಹಣ ಸುಮಾರು ಏಳು ವರ್ಷದಲ್ಲಿ ಮರಳುತ್ತದೆ. ಬೇಸಿಗೆಯಲ್ಲಿ ಮಾತ್ರ ಅಳೆದರೆ ಉಳಿತಾಯ ಹಿಗ್ಗಿ ಕಾಣುವುದರಿಂದ, ತಂಪಿನ ತಿಂಗಳಲ್ಲೂ ಒಂದು ವಾರ ಅಳೆದು ಸರಾಸರಿ ತೆಗೆಯಿರಿ.

ಕೊಳ್ಳುವ ಮೊದಲು ಬಾಗಿಲಿನ ರಬ್ಬರ್ ಪಟ್ಟಿಗೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಅದು ಸಲೀಸಾಗಿ ಜಾರಿ ಬಂದರೆ ತಂಪು ಅಲ್ಲಿಂದಲೇ ಸೋರುತ್ತಿದೆ. ಪಟ್ಟಿ ಬದಲಿಸಿದ ಮೇಲೆ ಬಳಕೆ ದಿನಕ್ಕೆ 1.4 ಯೂನಿಟ್‌ಗೆ ಇಳಿದರೆ, ಅದೇ ಹೊಸ ಫ್ರಿಜ್‌ನ ಹಣ ಮರಳಲು ಹತ್ತು ವರ್ಷ ಬೇಕಾಗುತ್ತದೆ. ಆಗ ನಾನಾದರೆ ಹಳೆಯದನ್ನೇ ಉಳಿಸಿಕೊಳ್ಳುತ್ತೇನೆ.