ಏಜಿಂಗ್ ರಿಪೋರ್ಟ್ ಸ್ಪೆಕ್: ಕಾಲಂ ಪಟ್ಟಿ ಬಿಡಿ, ಒಬ್ಬ ವೆಂಡರ್‌ನ ಲೆಕ್ಕ ಬರೆಯಿರಿ

> “ಸ್ಯಾಪ್‌ನಲ್ಲಿ ವೆಂಡರ್ ಏಜಿಂಗ್ ರಿಪೋರ್ಟ್ ಮತ್ತೆ ತಪ್ಪು ಬಂದಿದೆ. ಸ್ಪೆಕ್‌ನಲ್ಲಿ ಎಲ್ಲ ಕಾಲಂ, ಎಕ್ಸೆಲ್ ನಮೂನೆ ಕೊಟ್ಟಿದ್ದೇನೆ. ಡೆವಲಪರ್ ‘ಸ್ಪೆಕ್‌ನಲ್ಲಿ ಇರೋದನ್ನೇ ಮಾಡಿದೀನಿ’ ಅಂತಾರೆ. 31 ಮಾರ್ಚ್ ಬ್ಯಾಲೆನ್ಸ್‌ಗೆ ಟೋಟಲ್ ಕೂರ್ತಾ ಇಲ್ಲ. ಇನ್ನೇನು ಬರೀಬೇಕು?”

ಮೇಡಂ, ಡೆವಲಪರ್ ಹೇಳಿದ್ದು ಸರಿ ಇರಬಹುದು. ನೀವು ಹಾಕಿದ ಸ್ಪೆಕ್ ಸ್ಕ್ರೀನ್‌ಶಾಟ್ ನೋಡಿದೆ. ಕಾಲಂ ಹೆಸರು, ಬಣ್ಣ, ಫಾಂಟ್ ಕೂಡ ಇದೆ. ಆದರೆ ‘31 ಮಾರ್ಚ್‌ಗೆ ಬಾಕಿ’ ಅಂದರೆ ಏನು ಅನ್ನೋದು ಎಲ್ಲೂ ಇಲ್ಲ. ಎಕ್ಸೆಲ್ ನಮೂನೆಯಲ್ಲಿ ABC Traders, 10,000, 20,000 ಅಂತ ಸುಮ್ನೆ ತುಂಬಿದ ಅಂಕಿಗಳಿವೆ. ಅದರಿಂದ ಯಾರಿಗೂ ನಿಯಮ ತಿಳಿಯೋದಿಲ್ಲ.

ನಾನಿದ್ದ ಒಂದು ಕಂಪನಿಯಲ್ಲಿ ಹೀಗೇ ಆಗಿತ್ತು. ಏಪ್ರಿಲ್ 2ರಂದು ರಿಪೋರ್ಟ್ ಓಡಿಸಿದಾಗ ಟೋಟಲ್ ಸರಿ ಬಂತು. ಎಲ್ಲರೂ ಖುಷಿ, ಸೈನ್ ಆಫ್ ಕೂಡ ಆಯಿತು. ಆಮೇಲೆ ಆಡಿಟರ್ ಮೇ ತಿಂಗಳಲ್ಲಿ ಬಂದು ಅದೇ 31 ಮಾರ್ಚ್ ಹಾಕಿ ಓಡಿಸಿದರು. ಬಾಕಿ ಅರ್ಧಕ್ಕಿಂತ ಕಡಿಮೆ ತೋರಿಸಿತು! ಡೆವಲಪರ್ ಬರೀ ಓಪನ್ ಐಟಂಗಳ ಟೇಬಲ್ BSIK ಓದಿದ್ದರು. ಏಪ್ರಿಲ್‌ನಲ್ಲಿ ಪೇಮೆಂಟ್ ಆದ ಬಿಲ್ಲುಗಳೆಲ್ಲ ಕ್ಲಿಯರ್ ಆದ ಐಟಂಗಳ ಟೇಬಲ್ BSAKಗೆ ಹೋಗಿದ್ದವು. ಸ್ಪೆಕ್‌ನಲ್ಲಿ ಇದ್ದ ಸಾಲು ಒಂದೇ: ‘ಓಪನ್ ಐಟಂಗಳನ್ನು ತೋರಿಸಬೇಕು’. ಅದನ್ನು ಓದಿದ ಡೆವಲಪರ್ ಇವತ್ತಿನ ಓಪನ್ ಐಟಂ ಕೊಟ್ಟರು. ಅವರ ತಪ್ಪೇನು? ನಿಮ್ಮ ಟೋಟಲ್ ಕೂರದಿರುವುದಕ್ಕೂ ಮೊದಲು ಇದನ್ನೇ ಅನುಮಾನಿಸಿ. ಪರೀಕ್ಷೆ ಸುಲಭ. 31 ಮಾರ್ಚ್ ಕೀ ಡೇಟ್ ಹಾಕಿ ಇವತ್ತು ಓಡಿಸಿ, ಮುಂದಿನ ವಾರ ಒಂದು ಪೇಮೆಂಟ್ ರನ್ ಆದ ಮೇಲೆ ಮತ್ತೆ ಓಡಿಸಿ. ಟೋಟಲ್ ಇಳಿದರೆ ರೋಗ ಇದೇ.

ಸ್ಪೆಕ್‌ನಲ್ಲಿ ಇದನ್ನು ಮೊದಲು ಮಾತಿನಲ್ಲಿ ಬರೆಯಿರಿ: ಕೀ ಡೇಟ್‌ಗೆ ಮುಂಚೆ ಅಥವಾ ಅದೇ ದಿನ ಪೋಸ್ಟ್ ಆಗಿ, ಆ ದಿನದ ತನಕ ಕ್ಲಿಯರ್ ಆಗದೆ ಉಳಿದದ್ದೆಲ್ಲ ಬಾಕಿ, ಆಮೇಲೆ ಕ್ಲಿಯರ್ ಆಗಿದ್ದರೂ ಸರಿ. ಅದರ ಕೆಳಗೆ ಸುಳಿವಿಗೆ ಇಷ್ಟು ಹಾಕಿ, BUDAT ಅಂದರೆ ಪೋಸ್ಟಿಂಗ್ ತಾರೀಖು, AUGDT ಅಂದರೆ ಕ್ಲಿಯರಿಂಗ್ ತಾರೀಖು:

```
BSIK: BUDAT <= KeyDate
BSAK: BUDAT <= KeyDate AND AUGDT > KeyDate
```

ಫೈನಾನ್ಸ್‌ನವರು ಟೇಬಲ್ ಹೆಸರು ಬರೆಯಲೇಬಾರದು ಅಂತ ಮೇಲೆ ಅಬಾಪ್ ಮಾಡುವ ಸರ್ ಬರೆದಿದ್ದಾರೆ. ಅವರ ಮಾತಿನಲ್ಲಿ ತೂಕ ಇದೆ. ಎಸ್4 ಹಾನಾದಲ್ಲಿ ಇವು ಟೇಬಲ್ ಅಲ್ಲ, ವ್ಯೂ. ಎಲ್ಲಿಂದ ಓದಬೇಕು ಅನ್ನೋದು ಅವರ ಕೆಲಸ. ಆದರೂ ನಾನು ಬರೆಯುತ್ತೇನೆ. ಬರೆದರೆ ಡೆವಲಪರ್ ‘ಹೀಗಲ್ಲ, ಹಾಗೆ’ ಅಂತ ಜಗಳಕ್ಕಾದರೂ ಬರ್ತಾರೆ. ಆ ಜಗಳ ಕೋಡ್ ಬರೆಯುವ ಮೊದಲೇ ಆಗೋದು ಒಳ್ಳೇದು. ಈ ವಿಷಯದಲ್ಲಿ ಸರ್‌ಗೂ ನನಗೂ ಹೊಂದೋದಿಲ್ಲ, ಇರಲಿ.

ಇನ್ನು ನನ್ನ ಅಸಲಿ ವಿಧಾನ. ಒಬ್ಬ ವೆಂಡರ್‌ನನ್ನು ಆರಿಸಿಕೊಳ್ಳಿ. ಒಳ್ಳೆಯ ವೆಂಡರ್ ಬೇಡ, ತಲೆನೋವಿನ ವೆಂಡರ್ ಬೇಕು: ಅಡ್ವಾನ್ಸ್ ಇರಬೇಕು, ಪಾರ್ಷಿಯಲ್ ಪೇಮೆಂಟ್ ಇರಬೇಕು, ಕ್ರೆಡಿಟ್ ಮೆಮೊ ಇರಬೇಕು. ಅವನ ಲೆಕ್ಕವನ್ನು ಕೈಯಲ್ಲಿ ಮಾಡಿ ಉತ್ತರ ಸಮೇತ ಸ್ಪೆಕ್‌ಗೆ ಹಾಕಿ. ಕೀ ಡೇಟ್ 31-03-2025 ಅಂತ ಇಟ್ಟುಕೊಂಡು ಮಾಡಿ ತೋರಿಸ್ತೀನಿ.

ಮೊದಲ ಬಿಲ್ಲು 1,18,000. ಬಿಲ್ ತಾರೀಖು 10-01-2025, ದಿನ ಎಣಿಸಲು ಶುರು ಮಾಡುವ ಬೇಸ್‌ಲೈನ್ ಕೂಡ ಅದೇ, ಟರ್ಮ್ಸ್ 45 ದಿನ. ಡ್ಯೂ 24-02-2025. ಪೇಮೆಂಟ್ ಆಗಿದ್ದು 05-04-2025. ಕೀ ಡೇಟ್‌ಗೆ ಇದು ಬಾಕಿಯೇ, 35 ದಿನ ಓವರ್‌ಡ್ಯೂ, 31-60 ಬಕೆಟ್. ಬಿಲ್ ತಾರೀಖಿನಿಂದ ಎಣಿಸಿದರೆ 80 ದಿನ ಆಗಿ 61-90ಕ್ಕೆ ಹೋಗಿಬಿಡುತ್ತದೆ. ‘ಏಜಿಂಗ್’ ಅಂತ ಒಂದೇ ಪದ ಬರೆದರೆ ಡೆವಲಪರ್ ಯಾವುದನ್ನು ಬೇಕಾದರೂ ಹಿಡಿಯಬಹುದು, ಅಲ್ವಾ?

ಎರಡನೇ ಬಿಲ್ಲು 2,36,000. ಬೇಸ್‌ಲೈನ್ 20-02-2025, ಅದೇ 45 ದಿನ, ಡ್ಯೂ 06-04-2025. ಅಂದರೆ ಇನ್ನೂ ಡ್ಯೂ ಆಗಿಲ್ಲ. ಇದರ ಮೇಲೆ 20-03-2025ರಂದು 1,00,000 ಪಾರ್ಷಿಯಲ್ ಕೊಟ್ಟಿದ್ದೀವಿ. ಪೇಮೆಂಟ್ ಸಾಲಿನ REBZGನಲ್ಲಿ ಬಿಲ್ ನಂಬರ್ ಇದೆ. ಇಲ್ಲೇ ನಮ್ಮ ರಿಪೋರ್ಟ್ ಎರಡನೇ ಸಲ ಎಡವಿದ್ದು. ಕೋಡ್ ಪ್ರತಿ ಸಾಲನ್ನೂ ಅದರದೇ ತಾರೀಖಿನಿಂದ ಎಣಿಸಿತು. ‘ನಾಟ್ ಡ್ಯೂ’ನಲ್ಲಿ 2,36,000, 1-30ರಲ್ಲಿ ಮೈನಸ್ 1,00,000. ಟೋಟಲ್ ಸರಿ, ಬಕೆಟ್ ಎರಡೂ ತಪ್ಪು. ಬರೀ ಟೋಟಲ್ ನೋಡಿ ಸೈನ್ ಆಫ್ ಕೊಡೋರಿಗೆ ಇದು ಕಾಣೋದೇ ಇಲ್ಲ. ಸ್ಪೆಕ್‌ನಲ್ಲಿ ಬರೆಯಬೇಕಾದದ್ದು: ಬಿಲ್ ಉಲ್ಲೇಖ ಇರುವ ಪೇಮೆಂಟ್ ತನ್ನ ಬಿಲ್ಲಿನ ಬಕೆಟ್‌ಗೇ ಹೋಗಬೇಕು, ಉತ್ತರ 1,36,000 ನಾಟ್ ಡ್ಯೂ.

ಮೂರನೆಯದು ಕ್ರೆಡಿಟ್ ಮೆಮೊ, 12,000, ತಾರೀಖು 05-03-2025, ಯಾವ ಬಿಲ್ಲಿಗೂ ಕಟ್ಟಿಲ್ಲ. ಉಲ್ಲೇಖ ಇಲ್ಲದ ಕ್ರೆಡಿಟ್ ಮೆಮೊಗೆ ಸ್ಯಾಪ್ ಟರ್ಮ್ಸ್ ನೋಡುವುದಿಲ್ಲ, ಬೇಸ್‌ಲೈನ್ ದಿನವೇ ಡ್ಯೂ. ಹಾಗಾಗಿ 26 ದಿನ, 1-30ರಲ್ಲಿ ಮೈನಸ್ 12,000. ಇದನ್ನು ಬಕೆಟ್‌ನಲ್ಲಿ ಕಳೆಯಬೇಕೋ, ‘ಹೊಂದಾಣಿಕೆ ಆಗದ್ದು’ ಅಂತ ಬೇರೆ ಕಾಲಂ ಕೊಡಬೇಕೋ? ನಾನು ಬೇರೆ ಕಾಲಂ ಪಕ್ಷ. ಆದರೆ ಬಕೆಟ್‌ನಲ್ಲೇ ಇರಲಿ ಅನ್ನುವ ಆಡಿಟರ್‌ಗಳೂ ಇದ್ದಾರೆ. ನಿಮ್ಮವರನ್ನು ಈಗಲೇ ಕೇಳಿ ಬರೆಸಿಕೊಳ್ಳಿ. ಡೆವಲಪರ್ ತಾವಾಗಿ ತೀರ್ಮಾನ ಮಾಡೋ ವಿಷಯ ಅಲ್ಲ ಇದು.

ನಾಲ್ಕನೆಯದು ಅಡ್ವಾನ್ಸ್ 50,000, ಸ್ಪೆಷಲ್ ಜಿಎಲ್ A. ಇದನ್ನು ಬಾಕಿಯಲ್ಲಿ ಕಳೆಯಲೇಬೇಡಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಅದು ಆಸ್ತಿ ಕಡೆ ಕೂರುವ ಮೊತ್ತ. ಪಕ್ಕದಲ್ಲಿ ಒಂದು ಕಾಲಂನಲ್ಲಿ ಕಾಣಿಸಿದರೆ ಸಾಕು.

ಈಗ ಕೂಡಿಸಿ. 1,18,000ಕ್ಕೆ 1,36,000 ಸೇರಿಸಿ 12,000 ಕಳೆದರೆ 2,42,000. ಅಡ್ವಾನ್ಸ್ 50,000 ಬೇರೆ. ವೆಂಡರ್ ಲೈನ್ ಐಟಂ ತೋರಿಸುವ FBL1Nನಲ್ಲಿ ಅದೇ ಕೀ ಡೇಟ್ ಹಾಕಿ ನಾರ್ಮಲ್ ಐಟಂ ಮಾತ್ರ ನೋಡಿದರೆ 2,42,000 ಬರಬೇಕು. ಸ್ಪೆಷಲ್ ಜಿಎಲ್ ಟಿಕ್ ಹಾಕಿದರೆ 1,92,000. ಎಲ್ಲ ವೆಂಡರ್ ಸೇರಿದ ಟೋಟಲ್ ರೀಕನ್ಸಿಲಿಯೇಷನ್ ಜಿಎಲ್ ಬ್ಯಾಲೆನ್ಸ್‌ಗೆ ಕೂರಬೇಕು. ಸ್ಪೆಕ್‌ನ ಕೊನೆಯಲ್ಲಿ ಇದನ್ನೇ ಬರೆಯಿರಿ: ಈ ವೆಂಡರ್, ಈ ತಾರೀಖು, ಪ್ರತಿ ಬಕೆಟ್‌ನಲ್ಲಿ ಇಷ್ಟಿಷ್ಟು ಬರದಿದ್ದರೆ ಟೆಸ್ಟಿಂಗ್‌ಗೆ ನಮ್ಮ ಹತ್ರ ತರಬೇಡಿ. ನಂಬಿ, ಅರ್ಧ ಸುತ್ತಾಟ ಇಲ್ಲೇ ನಿಲ್ಲುತ್ತದೆ.

ಪ್ಲಸ್ ಮೈನಸ್ ಮರೀಬೇಡಿ. FBL1Nನಲ್ಲಿ ವೆಂಡರ್ ಬಿಲ್ಲು ಮೈನಸ್ ಕಾಣುತ್ತದೆ. ಟೇಬಲ್‌ನಲ್ಲಿ ಮೊತ್ತಕ್ಕೆ ಚಿಹ್ನೆಯೇ ಇಲ್ಲ, SHKZG ನೋಡಿ S ಇದ್ದರೆ ಡೆಬಿಟ್, H ಇದ್ದರೆ ಕ್ರೆಡಿಟ್ ಅಂತ ತಿಳಿಯಬೇಕು. ‘ನಾವು ಕೊಡಬೇಕಾದದ್ದು ಪ್ಲಸ್’ ಅಂತ ಒಂದು ಸಾಲು ಸಾಕು. ಬಕೆಟ್ ಗಡಿಯೂ ಹಾಗೇ. ನಿಮ್ಮ ಸ್ಪೆಕ್‌ನಲ್ಲಿ 0-30, 30-60 ಅಂತಿದೆ. ಸರಿಯಾಗಿ 30ನೇ ದಿನದ ಬಿಲ್ಲು ಯಾವ ಮನೆಗೆ ಹೋಗಬೇಕು? ಕೀ ಡೇಟ್ ದಿನವೇ ಡ್ಯೂ ಆದದ್ದು ಓವರ್‌ಡ್ಯೂನಾ? 1-30, 31-60 ಅಂತ ಬರೆದು, ಸೊನ್ನೆ ದಿನ ನಾಟ್ ಡ್ಯೂ ಅಂತ ಹೇಳಿಬಿಡಿ.

‘FBL1N ಎಕ್ಸೆಲ್‌ಗೆ ಇಳಿಸಿ ಪಿವಟ್ ಹಾಕಿ, ರಿಪೋರ್ಟೇ ಬೇಡ’ ಅಂದಿರುವ ಸಹೋದರರೇ, ಅರ್ಧ ಒಪ್ಪುತ್ತೇನೆ. ಟೋಟಲ್ ಪರೀಕ್ಷೆಗೆ ಅದೇ ಬೆಸ್ಟ್. ಆದರೆ ಯಾವ ಪೇಮೆಂಟ್ ಯಾವ ಬಿಲ್ಲಿಗೆ ಅಂತ ಕೈಯಲ್ಲಿ ಕೂರಿಸಬೇಕು. ಸಾವಿರ ವೆಂಡರ್ ಇದ್ದರೆ ಯಾರು ಮಾಡ್ತಾರೆ? ಟ್ಯಾಲಿಯಲ್ಲಿ ಏಜಿಂಗ್ ತಾನಾಗಿ ಬರುತ್ತೆ ಅಂದ ಅಕ್ಕನಿಗೆ: ಪ್ರಶ್ನೆ ಅದಲ್ಲ, ಆದರೂ ಟ್ಯಾಲಿಯ ಆ ಒಂದು ಗುಣ ನನಗಿಷ್ಟ. ಬಿಲ್-ವೈಸ್ ಹಾಕಿದ್ದರೆ ಎಂಟ್ರಿ ಹೊತ್ತಿಗೇ Agst Ref ಅಥವಾ On Account ಅಂತ ಕೇಳುತ್ತದೆ. On Account ಒತ್ತಿ ಮುಂದೆ ಹೋದರೆ ನಿಮ್ಮಲ್ಲೂ ಇದೇ ಗತಿ, ನೋಡಿಕೊಳ್ಳಿ.

ಮೇಡಂ, ನಿಮ್ಮ ರಿಪೋರ್ಟ್ ಕಂಪನಿ ಕಾಯ್ದೆಯ ಶೆಡ್ಯೂಲ್ 3 ಟಿಪ್ಪಣಿಗೂ ಹೋಗುತ್ತೆ ಅಂದಿರಿ. ಅಲ್ಲಿ ಬಕೆಟ್ ಬೇರೆ: ಒಂದು ವರ್ಷದೊಳಗೆ, 1-2, 2-3, 3ಕ್ಕಿಂತ ಜಾಸ್ತಿ. ಎಂಎಸ್‌ಎಂಇ, ಇತರರು, ವಿವಾದದಲ್ಲಿರುವ ಎಂಎಸ್‌ಎಂಇ, ವಿವಾದದಲ್ಲಿರುವ ಇತರರು ಅಂತ ಸಾಲುಗಳು. ಎಣಿಕೆ ಡ್ಯೂ ಡೇಟ್‌ನಿಂದ, ಡ್ಯೂ ಡೇಟ್ ಇಲ್ಲದಿದ್ದರೆ ವ್ಯವಹಾರದ ತಾರೀಖಿನಿಂದ. ಒಂದೇ ರಿಪೋರ್ಟ್‌ನಲ್ಲಿ ಎರಡನ್ನೂ ತುರುಕಬೇಡಿ, ಬಕೆಟ್ ಗಡಿಗಳನ್ನು ಸೆಲೆಕ್ಷನ್ ಸ್ಕ್ರೀನ್‌ಗೆ ತಂದು ಲೇಔಟ್ ಎರಡು ಮಾಡಿಸಿ. ಎಂಎಸ್‌ಎಂಇ ಗುರುತು ವೆಂಡರ್ ಮಾಸ್ಟರ್‌ನಲ್ಲಿ ಎಲ್ಲಿಟ್ಟಿದ್ದೀರಿ ಅಂತಲೂ ಬರೆಯಿರಿ. ಅದಕ್ಕೆ ತಾರೀಖು ಇಲ್ಲ ಅಂದರೆ ಮೇನಲ್ಲಿ ಗುರುತು ಬದಲಿಸಿದ ವೆಂಡರ್ ಮಾರ್ಚ್ ರಿಪೋರ್ಟ್‌ನಲ್ಲೂ ಜಾಗ ಬದಲಾಯಿಸುತ್ತಾನೆ.

ಇದೇ ರಿಪೋರ್ಟ್‌ನಿಂದ ಆದಾಯ ತೆರಿಗೆ ಕಾಯ್ದೆ 1961ರ 43ಬಿ(ಎಚ್) ಲೆಕ್ಕವನ್ನೂ ತೆಗೀತೀವಿ ಅಂದ್ಕೊಂಡಿದ್ದರೆ ಬೇಡ. ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮಾಲು ಒಪ್ಪಿಕೊಂಡ ದಿನದಿಂದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15. ನಿಮ್ಮ ಪಿಓದಲ್ಲಿ 60 ದಿನ ಅಂತಿದ್ದರೂ ಅಷ್ಟೇ. ಬೇಸ್‌ಲೈನ್ ತಾರೀಖಿಗೂ ಆ ದಿನಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಅದಕ್ಕೆ ಮಾಲು ಬಂದ ಎಂಟ್ರಿ, ಅಂದರೆ ಜಿಆರ್ ಕಡೆಯಿಂದ ತಾರೀಖು ತರಬೇಕು. ಅದು ಇನ್ನೊಂದು ಸ್ಪೆಕ್.

ಒಂದು ಮಿತಿ ಮಾತ್ರ ಯಾವ ಕೋಡ್‌ನಿಂದಲೂ ಸರಿ ಹೋಗಲ್ಲ. ಯಾರಾದರೂ FBRA ಮಾಡಿ ಹಳೇ ಕ್ಲಿಯರಿಂಗ್ ತೆಗೆದರೆ AUGDT ಅಳಿಸಿ ಹೋಗುತ್ತದೆ, ಮಾರ್ಚ್ ಬಾಕಿಯ ಸಾಲುಗಳೇ ಬದಲಾಗುತ್ತವೆ. ಆದ್ದರಿಂದ ವರ್ಷಾಂತ್ಯದ ಔಟ್‌ಪುಟ್ ಓಡಿಸಿದ ದಿನ, ಯೂಸರ್ ಸಮೇತ ಉಳಿಸಿಡಿ. ಆಡಿಟರ್ ಮುಂದೆ ‘ಆಗ ಸರಿ ಇತ್ತು’ ಅಂದರೆ ಯಾರೂ ಕೇಳಲ್ಲ.

ಫಾರಿನ್ ವೆಂಡರ್ ಇದ್ದಾರಾ ಅಂತ ಹೇಳಲಿಲ್ಲ. ಇದ್ದರೆ DMBTRನಲ್ಲಿ ಬುಕ್ ಮಾಡಿದ ದಿನದ ರೇಟ್‌ನಲ್ಲಿ ಲೆಕ್ಕ ಹಾಕಿದ ರೂಪಾಯಿ ಮೊತ್ತ ಇರುತ್ತದೆ. ವರ್ಷಾಂತ್ಯದ ರೀವ್ಯಾಲ್ಯೂಯೇಷನ್ ವ್ಯತ್ಯಾಸ ಬೇರೆ ಅಡ್ಜಸ್ಟ್‌ಮೆಂಟ್ ಜಿಎಲ್‌ಗೆ ಹೋಗಿರುತ್ತದೆ. ಆಗ ರೀಕನ್ ಜಿಎಲ್‌ಗೆ ಕೂತರೂ ಬ್ಯಾಲೆನ್ಸ್ ಶೀಟ್ ಸಾಲಿಗೆ ಕೂರೋದಿಲ್ಲ. ನಿಮ್ಮ ವ್ಯತ್ಯಾಸದ ಮೊತ್ತ ಎಷ್ಟು, ಆ ಜಿಎಲ್‌ನಲ್ಲಿ ಅಷ್ಟೇ ಇದೆಯಾ ಅಂತ ನೋಡಿ ಇಲ್ಲಿ ಹಾಕಿ.