ರಾತ್ರಿ ಎರಡು ಗಂಟೆಗೆ ಎಪಿಡ್ಯೂರಲ್ ಕೊಡುವವರು ಯಾರು? ತವರಿಗೆ ಹೊರಡುವ ಮುಂಚೆ ಬರೆದ ಒಂದು ಪುಟದ ಯೋಜನೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಇಪ್ಪತ್ತೇಳು ವರ್ಷದ ಈಕೆಗೆ ಇದು ಚೊಚ್ಚಲು. ಗಂಡನ ಮನೆ ಬೆಂಗಳೂರಿನಲ್ಲಿ, ತವರು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ. ಸೀಮಂತ ಮುಗಿದು ತವರಿಗೆ ಹೊರಡುವ ಮುಂಚೆ, 33ನೇ ವಾರದಲ್ಲಿ, ಗಂಡ ಮತ್ತು ಅತ್ತೆಯ ಜೊತೆ ಸಲಹೆಗೆ ಬಂದರು. ಕೂತ ಕೂಡಲೇ ಆಕೆ ಹೇಳಿದ್ದು: "ಹೆರಿಗೆ ನೋವು ನನ್ನ ಕೈಲಿ ಆಗಲ್ಲ ಮೇಡಂ. ಸೀದಾ ಆಪರೇಷನ್ ಮಾಡಿಸಿಕೊಂಡ್ಬಿಡ್ತೀನಿ." ಅತ್ತೆಗೂ ಅದೇ ಸರಿ ಅನಿಸಿತ್ತು. ಜೋಯಿಸರು ಒಂದು ಒಳ್ಳೆಯ ದಿನ ಹೇಳಿದ್ದರು. ಲೆಕ್ಕ ಹಾಕಿದರೆ ಅದು 37 ವಾರ 2 ದಿನಕ್ಕೆ ಬರುತ್ತಿತ್ತು.

ತಾಯಿ ಕಾರ್ಡ್ ಮತ್ತು ಸ್ಕ್ಯಾನ್ ನೋಡಿದರೆ ಆಪರೇಷನ್‌ಗೆ ವೈದ್ಯಕೀಯ ಕಾರಣ ಒಂದೂ ಇರಲಿಲ್ಲ. ಮಗುವಿನ ತಲೆ ಕೆಳಗಿತ್ತು, ಮಾಸು ಗರ್ಭಕೋಶದ ಮೇಲ್ಭಾಗದಲ್ಲಿತ್ತು, ಬಿಪಿ ಮತ್ತು ಸಕ್ಕರೆ ಸರಿಯಾಗಿದ್ದವು, ಹಿಮೋಗ್ಲೋಬಿನ್ 10.8. ಹಾಗಾಗಿ ಮೊದಲು ಕೇಳಬೇಕಾಗಿದ್ದು ಆಕೆ ಹೆದರುತ್ತಿರುವುದು ನಿಖರವಾಗಿ ಯಾವುದಕ್ಕೆ ಎಂದು. ಅಕ್ಕ ಇಪ್ಪತ್ತು ಗಂಟೆ ನೋವು ತಿಂದು ಕೊನೆಗೂ ಸಿಸೇರಿಯನ್‌ಗೆ ಹೋದದ್ದನ್ನು ಈಕೆ ಪಕ್ಕದಲ್ಲೇ ನಿಂತು ನೋಡಿದ್ದರು. "ಎರಡೂ ನೋವು ತಿನ್ನೋ ಬದಲು ಒಂದೇ ತಿನ್ನೋಣ ಅಂತ." ಜೊತೆಗೆ, ಹೆರಿಗೆ ನೋವು ಇಳಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ತೆಗೆದುಕೊಂಡರೆ ಜೀವನಪೂರ್ತಿ ಬೆನ್ನುನೋವು ಎಂದು ವಾರಗಿತ್ತಿ ಹೇಳಿದ್ದರು.

ಹೆದರಿಕೆ ನೋವಿನದು. ಆದರೆ ಅವರು ತೀರ್ಮಾನಿಸಲು ಹೊರಟದ್ದು ಹೆರಿಗೆಯ ದಾರಿಯನ್ನು. ಇವೆರಡನ್ನೂ ಬೇರೆ ಬೇರೆ ಮಾಡಿಕೊಂಡೇ ಮಾತು ಮುಂದುವರಿಸಿದೆವು.

ಮೊದಲು ಅಕ್ಕನ ವಿಷಯ. ಆಸ್ಪತ್ರೆಗೆ ಸೇರಿದಾಗ ಗರ್ಭಕೋಶದ ಬಾಯಿ ಎರಡು ಸೆಂಟಿಮೀಟರ್ ಮಾತ್ರ ತೆರೆದಿತ್ತಂತೆ. ಚೊಚ್ಚಲಿನಲ್ಲಿ ಆ ಶುರುವಿನ ಹಂತ ಒಂದು ದಿನಕ್ಕೂ ಹೆಚ್ಚು ಎಳೆಯಬಹುದು, ಅದು ತೊಂದರೆಯ ಲಕ್ಷಣವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಬಿರುಸಿನ ಹೆರಿಗೆ ನೋವು ಲೆಕ್ಕಕ್ಕೆ ಬರುವುದು ಐದು ಸೆಂಟಿಮೀಟರ್‌ನಿಂದ. ಅಲ್ಲಿಂದ ಮುಂದೆ ಚೊಚ್ಚಲಿಗೆ ಸಾಮಾನ್ಯವಾಗಿ ಹನ್ನೆರಡು ಗಂಟೆ ಮೀರುವುದಿಲ್ಲ. ಎರಡು ಸೆಂಟಿಮೀಟರ್‌ಗೇ ಮಂಚ ಹಿಡಿದು ಮಲಗಿದರೆ ಗಂಟೆಗಳು ಎಣಿಸಿದಷ್ಟೂ ಉದ್ದವಾಗುತ್ತವೆ, ಸುತ್ತಲಿನವರ ತಾಳ್ಮೆಯೂ ಮುಗಿಯುತ್ತದೆ.

ಬೆನ್ನಿನ ಇಂಜೆಕ್ಷನ್ ಬಗ್ಗೆ ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸಿಸೇರಿಯನ್ ಬಹುಪಾಲು ನಡೆಯುವುದೇ ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆಯಲ್ಲಿ. ಬೆನ್ನಿನ ಸೂಜಿಗೆ ಹೆದರಿ ಆಪರೇಷನ್ ಆರಿಸಿಕೊಂಡವರಿಗೂ ಸೂಜಿ ತಪ್ಪುವುದಿಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ತಿಂಗಳುಗಟ್ಟಲೆ ಉಳಿಯುವ ಬೆನ್ನುನೋವು ಸೂಜಿ ಹಾಕಿಸಿಕೊಳ್ಳದವರಲ್ಲೂ ಅಷ್ಟೇ ಇರುತ್ತದೆ. ಬಗ್ಗಿ ಮಗುವನ್ನು ಎತ್ತುವುದು, ಕುಗ್ಗಿ ಕೂತು ಹಾಲೂಡಿಸುವುದು ಅದಕ್ಕೆ ದೊಡ್ಡ ಕಾರಣ.

ಹೋಲಿಕೆಯನ್ನು ಆಕೆಯ ಬದುಕಿಗೆ ತಾಗುವಷ್ಟೇ ಇಟ್ಟುಕೊಂಡೆವು. ಮೊದಲೇ ನಿಗದಿ ಮಾಡಿದ ಸಿಸೇರಿಯನ್‌ನಲ್ಲಿ ಹೆರಿಗೆ ನೋವಿಲ್ಲ, ಕೆಳಗೆ ಹರಿಯುವ ಭಯವಿಲ್ಲ, ಮುಂದೆ ಮೂತ್ರ ಸೋರುವ ಸಾಧ್ಯತೆಯೂ ಕಡಿಮೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ನೋವು ಮಾಯವಾಗುವುದಿಲ್ಲ, ಹೆರಿಗೆಯ ಮುಂಚೆ ಬರುವುದು ಹೆರಿಗೆಯ ನಂತರಕ್ಕೆ ಹೋಗುತ್ತದೆ. ಮೊದಲ ಎರಡು ಮೂರು ದಿನ ಕೆಮ್ಮಿದರೆ, ಮಗ್ಗುಲಾದರೆ, ಮಗು ಎತ್ತಿಕೊಂಡರೆ ಹೊಟ್ಟೆಯ ಹೊಲಿಗೆ ಹಿಡಿಯುತ್ತದೆ. ರಕ್ತ ಹೋಗುವುದೂ ಹೆಚ್ಚು, ಗಾಯಕ್ಕೆ ಸೋಂಕು ತಗಲಬಹುದು. ಆಕೆಗೆ ಎರಡು ಮಕ್ಕಳು ಬೇಕಿತ್ತು. ಎಲ್ಲಕ್ಕಿಂತ ಭಾರವಾಗಿ ತೂಗಿದ್ದು ಇದೇ. ಹಳೆಯ ಹೊಲಿಗೆಯ ಮೇಲೆ ಮುಂದಿನ ಮಗುವಿನ ಮಾಸು ಕೂತರೆ ಅದು ಗರ್ಭಕೋಶದ ಗೋಡೆಯೊಳಗೆ ಬೇರಿಳಿಸಿ ಬಿಡಿಸಲಾಗದಂತೆ ಅಂಟಿಕೊಳ್ಳಬಹುದು. ಅಪರೂಪ ನಿಜ, ಆದರೆ ಪ್ರತಿ ಸಿಸೇರಿಯನ್‌ಗೂ ಆ ಸಾಧ್ಯತೆ ಏರುತ್ತದೆ.

ಮುಹೂರ್ತದ ಮಾತನ್ನು ಅತ್ತೆಯವರ ಜೊತೆಗೇ ಆಡಿದೆವು. ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ನೀರು ತುಂಬಿಕೊಂಡಿರುತ್ತದೆ. ನೋವು ಶುರುವಾದಾಗ ಮಗುವಿನ ಮೈಯಲ್ಲಿ ಏರುವ ಹಾರ್ಮೋನುಗಳು ಆ ನೀರನ್ನು ಹೀರಿ ಒಣಗಿಸುತ್ತವೆ. ನೋವೇ ಬರುವ ಮುಂಚೆ, ಅದೂ 37ನೇ ವಾರದಲ್ಲಿ ತೆಗೆದರೆ, ನೂರರಲ್ಲಿ ಹತ್ತರ ಸುಮಾರು ಮಕ್ಕಳು ಉಸಿರಾಟದ ತೊಂದರೆಯಿಂದ ವಿಶೇಷ ಆರೈಕೆ ಘಟಕ ಸೇರಬೇಕಾಗಬಹುದು. 39 ವಾರ ತುಂಬಿದ ಮೇಲೆ ಅದು ನೂರಕ್ಕೆ ಒಂದೆರಡಕ್ಕೆ ಇಳಿಯುತ್ತದೆ. "ಒಳ್ಳೆ ಗಳಿಗೆಲಿ ಹುಟ್ಟಿಸಿ ಗಾಜಿನ ಪೆಟ್ಟಿಗೆಲಿ ಇಡೋದು ಬೇಡ" ಎಂದು ಅತ್ತೆಯೇ ಆ ದಿನವನ್ನು ಕೈಬಿಟ್ಟರು. ಮುಂದೆ ಸಿಸೇರಿಯನ್ ನಿಗದಿ ಮಾಡಲೇಬೇಕಾದರೆ 39 ವಾರ ದಾಟಿದ ದಿನಗಳಲ್ಲೇ ಗಳಿಗೆ ನೋಡುವುದು ಎಂದಾಯಿತು.

ನೋವು ನಿವಾರಣೆಯ ಮಾತಿಗೆ ಹೆಚ್ಚು ಹೊತ್ತು ಹಿಡಿಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗುವುದು ಟ್ರಮಡಾಲ್‌ನಂಥ ಇಂಜೆಕ್ಷನ್. ಅದು ನೋವನ್ನು ಮಂಕಾಗಿಸುತ್ತದೆ, ನಿಲ್ಲಿಸುವುದಿಲ್ಲ. ತಲೆ ತಿರುಗುವುದು, ವಾಂತಿ ಇರುತ್ತದೆ. ಕೊಟ್ಟ ಕೆಲವೇ ಗಂಟೆಗಳಲ್ಲಿ ಮಗು ಹುಟ್ಟಿದರೆ ಮಗು ಮಂಪರಾಗಿರಬಹುದು, ಆದ್ದರಿಂದ ಕೊಟ್ಟ ಸಮಯ ಮಕ್ಕಳ ವೈದ್ಯರಿಗೆ ಗೊತ್ತಿರಬೇಕು. ನೋವು ತಗ್ಗಿಸಲು ಉಸಿರಿನಲ್ಲಿ ಎಳೆದುಕೊಳ್ಳುವ ಎಂಟೊನಾಕ್ಸ್ ಅನಿಲ ಇರುವ ಕಡೆ ಮಾಸ್ಕ್ ತಾಯಿಯ ಕೈಯಲ್ಲೇ ಇರಬೇಕು. ನೋವಿನ ಅಲೆ ಏಳುತ್ತಿದ್ದ ಹಾಗೇ ಎಳೆಯಲು ಶುರು ಮಾಡಬೇಕು, ಯಾಕೆಂದರೆ ಅದು ಹತ್ತಲು ಅರ್ಧ ನಿಮಿಷ ಬೇಕು; ಅಲೆ ತುದಿ ಮುಟ್ಟಿದ ಮೇಲೆ ಎಳೆದವರೇ "ಏನೂ ಆಗಲಿಲ್ಲ" ಅನ್ನುವುದು. ಪಕ್ಕದಲ್ಲಿ ಒಬ್ಬರು ಸದಾ ಇರುವುದು, ನಡೆದಾಡುವುದು, ಬಿಸಿನೀರು ಹೊಯ್ದುಕೊಳ್ಳುವುದು, ಅಲೆ ಬಂದಾಗ ಸೊಂಟದ ಕೆಳಗಿನ ಮೂಳೆಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವುದು ಶುರುವಿನ ಹಂತಕ್ಕೆ ನಿಜಕ್ಕೂ ಒದಗುತ್ತವೆ.

ನೋವನ್ನು ಪೂರ್ತಿ ಇಳಿಸುವುದು ಎಪಿಡ್ಯೂರಲ್. ಸೊಂಟದ ಹತ್ತಿರ ಬೆನ್ನುಮೂಳೆಗಳ ಸಂದಿಯಲ್ಲಿ ಸೂಜಿ ಹಾಕಿ, ಅದರ ಮೂಲಕ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಬಿಟ್ಟು, ಸೂಜಿ ತೆಗೆದುಬಿಡುತ್ತಾರೆ. ತೆಳು ಪ್ರಮಾಣದ ಔಷಧ ಆ ಕೊಳವೆಯಲ್ಲಿ ಹೋಗುತ್ತಿರುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ನೋವು ಇಳಿಯುತ್ತದೆ, ಹೊಟ್ಟೆ ಗಟ್ಟಿಯಾದ ಹಾಗೆ ಮಾತ್ರ ಗೊತ್ತಾಗುತ್ತದೆ. ಇದರಿಂದ ಸಿಸೇರಿಯನ್ ಆಗುವ ಸಾಧ್ಯತೆ ಹೆಚ್ಚುವುದಿಲ್ಲ, ಮುಕ್ಕುವ ಹಂತ ಮಾತ್ರ ಉದ್ದವಾಗಬಹುದು. ಬಿಪಿ ಇಳಿಯಬಹುದು, ಮೈ ಕಡಿತ, ನಡುಕ ಬರಬಹುದು. ನೂರರಲ್ಲಿ ಒಬ್ಬರಿಗೆ ಕೂತರೆ ಜೋರಾಗಿ, ಮಲಗಿದರೆ ಇಳಿಯುವ ತಲೆನೋವು ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಕೆಲವರಿಗೆ ಒಂದು ಬದಿ ಮಾತ್ರ ಮರಗಟ್ಟುತ್ತದೆ. ಇದಕ್ಕೇ, ಹಾಕಿ ಹೊರಟುಹೋಗುವ ತಜ್ಞರಿಗಿಂತ ಕರೆದರೆ ವಾಪಸು ಬರುವಷ್ಟು ಹತ್ತಿರ ಇರುವ ತಜ್ಞರು ಬೇಕು.

ಇಲ್ಲಿಗೆ ತವರಿನ ಪ್ರಶ್ನೆ ಎದುರಾಯಿತು. ತಪಾಸಣೆ ಬೆಂಗಳೂರಿನಲ್ಲಿ, ಹೆರಿಗೆ ಇನ್ನೊಂದು ಊರಿನಲ್ಲಿ. ಇಲ್ಲಿ ಮಾತಾಡಿಕೊಂಡ ಸೌಲಭ್ಯ ಅಲ್ಲಿರುತ್ತದೆ ಎಂದು ಎಷ್ಟೋ ಮನೆಯವರು ಅಂದುಕೊಂಡೇ ಹೋಗುತ್ತಾರೆ. ಆಕೆಯ ಗಂಡ ಅಲ್ಲೇ ಕೂತು ಆ ಊರಿನ ನರ್ಸಿಂಗ್ ಹೋಮ್‌ಗೆ ಫೋನ್ ಮಾಡಿದರು. "ಎಪಿಡ್ಯೂರಲ್ ಕೊಡ್ತೀರಾ?" ಎಂದದ್ದಕ್ಕೆ "ಕೊಡ್ತೀವಿ ಸಾರ್" ಎಂಬ ಉತ್ತರ ಬಂತು. ಆ ಪ್ರಶ್ನೆ ಸಾಲದು. "ರಾತ್ರಿ ಎರಡು ಗಂಟೆಗೆ ಕೊಡೋಕೆ ಅರಿವಳಿಕೆ ಡಾಕ್ಟರ್ ಎಲ್ಲಿಂದ ಬರ್ತಾರೆ, ಎಷ್ಟು ಹೊತ್ತಾಗುತ್ತೆ? ಕೊಟ್ಟ ಮೇಲೆ ಬಿಪಿ ನೋಡ್ತಾ ಯಾರಿರ್ತಾರೆ? ತುರ್ತು ಸಿಸೇರಿಯನ್ ಬೇಕಾದ್ರೂ ಅವರೇನಾ? ಹೆರಿಗೆ ಕೋಣೆಗೆ ಜೊತೆಗೊಬ್ಬರನ್ನ ಬಿಡ್ತೀರಾ?" ಎಂದು ಕೇಳಿಸಿದೆವು. ತಜ್ಞರು ಜಿಲ್ಲಾ ಕೇಂದ್ರದಿಂದ ಬರಬೇಕು, ಒಂದು ಗಂಟೆ ಹಿಡಿಯುತ್ತದೆ, ಆಪರೇಷನ್ ಮುಗಿಸಿ ಹೋಗುತ್ತಾರೆ ಎಂದು ಆಗ ತಿಳಿಯಿತು.

ಎರಡು ದಿನ ಯೋಚಿಸಿ ಆಕೆ ತೀರ್ಮಾನಿಸಿದರು: ಹೆರಿಗೆ ಬೆಂಗಳೂರಿನಲ್ಲಿ, ಬಾಣಂತನ ತವರಿನಲ್ಲಿ. 37ನೇ ವಾರಕ್ಕೆ ತಾಯಿಯೇ ಮಗಳ ಮನೆಗೆ ಬಂದಿರುವುದೆಂದಾಯಿತು. ಮುಂದಿನ ಭೇಟಿಯಲ್ಲಿ ಯೋಜನೆ ಬರೆದೆವು. ಆಸೆಗಳ ಪಟ್ಟಿ ಮಾಡಲಿಲ್ಲ, "ಹೀಗಾದರೆ ಹೀಗೆ" ಎಂಬ ಧಾಟಿಯಲ್ಲೇ ಬರೆಸಿದೆವು:

"ಐದು ನಿಮಿಷಕ್ಕೊಂದರಂತೆ, ಒಂದೊಂದೂ ಒಂದು ನಿಮಿಷ ಇರುವ ನೋವು ಒಂದು ಗಂಟೆ ಬಂದರೆ ಹೊರಡುತ್ತೇವೆ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ ಕಾಯದೆ ತಕ್ಷಣ. ನನ್ನ ಜೊತೆ ಅಮ್ಮ ಇರುತ್ತಾರೆ. ಶುರುವಿನಲ್ಲಿ ನಡೆದಾಡುತ್ತೇನೆ. ನಾನು ಕೇಳಿದಾಗ ಎಪಿಡ್ಯೂರಲ್ ಕೊಡಿ, ಗರ್ಭಕೋಶದ ಬಾಯಿ ಇಷ್ಟೇ ತೆರೆದಿರಬೇಕೆಂದು ಕಾಯಿಸಬೇಡಿ. ಅದು ಹತ್ತದಿದ್ದರೆ ಸರಿಪಡಿಸಿ, ಆಗದಿದ್ದರೆ ಮತ್ತೆ ಹಾಕಿ. ಮುಕ್ಕುವಾಗ ಸುಸ್ತಾದರೆ ಅಥವಾ ಮಗುವಿನ ಎದೆಬಡಿತ ಇಳಿದರೆ ತಲೆಗೆ ಬಟ್ಟಲು ಹಿಡಿಸಿ ಮಗುವನ್ನು ಎಳೆಯುವ ವ್ಯಾಕ್ಯೂಮ್‌ಗೆ ಒಪ್ಪಿಗೆ ಇದೆ, ಕಾರಣ ಹೇಳಿ ಮಾಡಿ. ಸಿಸೇರಿಯನ್ ಬೇಕಾದರೆ ಅದೇ ಕೊಳವೆಯಲ್ಲಿ ಅರಿವಳಿಕೆ ಸಾಧ್ಯವೇ ನೋಡಿ. ಮಗುವನ್ನು ಎದೆಯ ಮೇಲೆ ಹಾಕಿ, ಒಂದು ಗಂಟೆಯೊಳಗೆ ಹಾಲು ಹಿಡಿಸಿ."

36ನೇ ವಾರದಲ್ಲಿ ಆಕೆ ಅರಿವಳಿಕೆ ತಜ್ಞರನ್ನು ಕಂಡರು. ಅವರು ಪ್ಲೇಟ್‌ಲೆಟ್ ಸಂಖ್ಯೆ ನೋಡಿದರು, ರಕ್ತ ತೆಳುಮಾಡುವ ಔಷಧ ಏನಾದರೂ ಇದೆಯೇ ಎಂದು ವಿಚಾರಿಸಿದರು. ಇವುಗಳಲ್ಲಿ ತೊಂದರೆ ಇದ್ದರೆ ಎಪಿಡ್ಯೂರಲ್ ಕೊಡಲು ಆಗದೇ ಹೋಗಬಹುದು, ಅದು ನೋವು ಬಂದ ರಾತ್ರಿ ತಿಳಿಯಬಾರದು.

39 ವಾರ 4 ದಿನಕ್ಕೆ ಸಂಜೆ ನೀರು ಒಡೆಯಿತು. ನಡುರಾತ್ರಿ ದಾಟಿದ ಮೇಲೆ ಎಪಿಡ್ಯೂರಲ್ ಹಾಕಿದರು. ಅರ್ಧ ಗಂಟೆಯಾದರೂ ಎಡ ತೊಡೆಸಂದಿಯಲ್ಲಿ ನೋವು ಉಳಿದೇ ಇತ್ತು. ತಜ್ಞರು ಮತ್ತೆ ಬಂದು ಕೊಳವೆಯನ್ನು ಒಂದು ಸೆಂಟಿಮೀಟರ್ ಹೊರಗೆಳೆದು, ಎಡಮಗ್ಗುಲಿಗೆ ಮಲಗಿಸಿ ಇನ್ನೊಂದು ಸಲ ಔಷಧ ಕೊಟ್ಟ ಮೇಲೆ ಅದೂ ಇಳಿಯಿತು. ಬಾಯಿ ಪೂರ್ತಿ ತೆರೆದ ಮೇಲೆ ತಲೆ ಕೆಳಗಿಳಿಯಲಿ ಎಂದು ಒಂದು ಗಂಟೆ ಕಾದರು. ಎರಡು ಗಂಟೆ ಮುಕ್ಕಿ ಆಕೆ ಸೋತಾಗ ವ್ಯಾಕ್ಯೂಮ್ ಬಳಸಿದರು. 2.9 ಕಿಲೋ ಮಗು, ಕೆಳಗೆ ಕುಯ್ದು ಹೊಲಿಗೆ ಹಾಕಬೇಕಾಯಿತು.

ಐದನೇ ದಿನ ಕಾರಿನಲ್ಲಿ ತವರಿಗೆ ಹೊರಟರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಲು ಹೇಳಿದ್ದೆವು. ಹತ್ತನೇ ದಿನ ಫೋನಿನಲ್ಲಿ ಮಾತಾಡಿದಾಗ ತಲೆನೋವಿರಲಿಲ್ಲ, ಬೆನ್ನಿನ ನೋವು ಮಾಸಿತ್ತು. ಕಾಡುತ್ತಿದ್ದುದು ಮಲಬದ್ಧತೆ. ಬಾಣಂತಿಗೆ ಶೀತ ಎಂದು ನೀರನ್ನೂ ಸೊಪ್ಪು ತರಕಾರಿಯನ್ನೂ ಹಿಡಿದು ಕೊಡುತ್ತಿದ್ದರು, ಮುಕ್ಕಿದಾಗ ಹೊಲಿಗೆ ಎಳೆಯುತ್ತಿತ್ತು. ಫೋನನ್ನು ಅವರ ತಾಯಿಗೆ ಕೊಡಿಸಿ, ಬಿಸಿನೀರೇ ಆಗಲಿ ದಿನಕ್ಕೆ ಎರಡೂವರೆ ಲೀಟರ್ ಕುಡಿಸಿ, ಊಟದಲ್ಲಿ ಬೇಯಿಸಿದ ಸೊಪ್ಪು ಇರಲಿ, ಮೂರು ದಿನದಲ್ಲಿ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಲ್ಯಾಕ್ಟುಲೋಸ್ ಬರೆಸಿಕೊಳ್ಳಿ, ಹೊಲಿಗೆ ಜಾಗದಲ್ಲಿ ಕೀವು, ವಾಸನೆ ಅಥವಾ ಜ್ವರ ಕಂಡರೆ ಅದೇ ದಿನ ತೋರಿಸಿ ಎಂದು ಹೇಳಿದೆವು.