ಟೈಮ್‌ಶೀಟ್ ತಡವಾದರೂ ಸಂಬಳ ತಪ್ಪದಂತೆ ಕಟ್-ಆಫ್

“20ಕ್ಕೆ ಕಟ್-ಆಫ್ ಇಟ್ಟಿದ್ದೇವೆ, 30ಕ್ಕೆ ಸಂಬಳ. ಆದರೂ ಪ್ರತಿ ತಿಂಗಳು ಕೆಲವರ ಓಟಿ ಬಿಟ್ಟು ಹೋಗುತ್ತೆ. ದಿನಾಂಕ ಹೇಗೆ ಇಡಬೇಕು?”

ಒಂದೇ ದಿನಾಂಕ ಇಟ್ಟಿರುವುದೇ ತೊಂದರೆ. ಕೆಲಸಗಾರ ಟೈಮ್‌ಶೀಟ್ ಕೊಡುವುದಕ್ಕೆ, ಸೂಪರ್‌ವೈಸರ್ ಒಪ್ಪುವುದಕ್ಕೆ, ಪೇರೋಲ್ ಲಾಕ್ ಆಗುವುದಕ್ಕೆ ಬೇರೆ ಬೇರೆ ಗಡುವು ಬೇಕು. ಸಂಬಳದ ದಿನದಿಂದ ಹಿಂದಕ್ಕೆ ಎಣಿಸಿ.

30 ಗುರುವಾರ ಅಂತಿಟ್ಟುಕೊಳ್ಳಿ. 29ಕ್ಕೆ ಬ್ಯಾಂಕ್ ಫೈಲ್, 28ಕ್ಕೆ ಫೈನಾನ್ಸ್ ಒಪ್ಪಿಗೆ, 27ಕ್ಕೆ ಕರಡು ಪಟ್ಟಿ ನೋಡುವುದು. 25 ನಾಲ್ಕನೇ ಶನಿವಾರ, 26 ಭಾನುವಾರ. ಹಾಗಾಗಿ ಲಾಕ್ 24ರ ಸಂಜೆಗೇ ಆಗಬೇಕು. ಹಾಜರಾತಿ ಅವಧಿ 20ಕ್ಕೆ ಮುಗಿಯಲಿ, ಟೈಮ್‌ಶೀಟ್ 21ಕ್ಕೆ ಬರಲಿ. ಸೂಪರ್‌ವೈಸರ್‌ಗೆ 22, ತಿದ್ದುಪಡಿಗೆ 23. ರಜೆಗಳು ಪ್ರತಿ ತಿಂಗಳೂ ಬದಲಾಗುತ್ತವೆ, ಆದ್ದರಿಂದ ವರ್ಷದ ಕ್ಯಾಲೆಂಡರನ್ನು ಮೊದಲೇ ಹಂಚಿಬಿಡಿ.

ನಿಮ್ಮಲ್ಲಿ ಓಟಿ ಬಿಟ್ಟು ಹೋಗುತ್ತಿರುವುದು ಒಪ್ಪಿಗೆಯ ಹಂತದಲ್ಲೇ ಇರಬಹುದು. ಪರೀಕ್ಷಿಸುವುದು ಸುಲಭ. 22ರ ಮಧ್ಯಾಹ್ನ ಒಪ್ಪಿಗೆ ಬಾಕಿ ಇರುವವರ ಪಟ್ಟಿ ತೆಗೆಯಿರಿ. ಒಬ್ಬನೇ ಸೂಪರ್‌ವೈಸರ್ ಹೆಸರು ಮತ್ತೆ ಮತ್ತೆ ಬಂದರೆ ದಿನಾಂಕ ಹಿಂದೆ ತಂದು ಪ್ರಯೋಜನವಿಲ್ಲ. ಅವರು ರಜೆಯಲ್ಲಿದ್ದಾಗ ಸಹಿ ಮಾಡಲು ಇನ್ನೊಬ್ಬರನ್ನು ನೇಮಿಸಿ.

ಇಷ್ಟಾದರೂ ತಡವಾಗಿ ಬಂದವರ ಸಂಬಳ ತಡೆಯಬೇಡಿ. ಶಿಫ್ಟ್ ಪಟ್ಟಿಯಂತೆ ಮೂಲ ಸಂಬಳ 30ಕ್ಕೇ ಹೋಗಲಿ, ವ್ಯತ್ಯಾಸ ಆಮೇಲೆ ಸರಿಮಾಡಿ. 19ರ ಆರು ಗಂಟೆಯ ಓಟಿಗೆ 25ಕ್ಕೆ ಒಪ್ಪಿಗೆ ಬಂತು ಅನ್ನಿ. ಅದನ್ನು ಮುಂದಿನ ತಿಂಗಳ ಸಂಬಳದವರೆಗೆ ದೂಡುವ ಬದಲು 5ನೇ ತಾರೀಖಿಗೆ ಚಿಕ್ಕ ಪೂರಕ ರನ್ ಮಾಡಿ. ಮಾಸಿಕ ವೇತನವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂಬುದು ವೇತನ ಸಂಹಿತೆಯ ನಿಯಮ, ಓಟಿಯೂ ಅವರು ದುಡಿದ ಹಣವೇ ಅಲ್ವಾ? ಸ್ಲಿಪ್‌ನಲ್ಲಿ ಯಾವ ದಿನದ ಓಟಿ ಎಂದು ಬರೆಯಿರಿ, ಇಲ್ಲದಿದ್ದರೆ ಅದೇ ಗಂಟೆ ಮತ್ತೊಮ್ಮೆ ಪಾವತಿಯಾಗಬಹುದು.